ಮೂಲೆಯಲ್ಲಿ ಕೂತ ಕ್ಯಾಮೆರಾ

ಹಳೇ ಬಂಗಲೆ. ಒಂದು ಕಡೆ ತಟ್ಟನೆ ತಿರುಗುವ ಉದ್ದನೆಯ ಕಾರಿಡಾರು, ಗೋಡೆಗೆ ಸಾಲು ಕಿಟಕಿಗಳು. ನೀವು ಆಡಿಸುತ್ತಿರುವ ಪಾತ್ರ ನಡೆದು ಹೋಗುತ್ತಿರುವಾಗ ಗಾಜು ಒಡೆದು ನಾಯಿಯೊಂದು ಒಳಕ್ಕೆ ಹಾರುತ್ತದೆ. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1996ರಲ್ಲಿ ಪ್ಲೇಸ್ಟೇಷನ್‌ಗೆಂದು ತಂದ ‘ರೆಸಿಡೆಂಟ್ ಈವಿಲ್’ ಆಡಿದವರು ಈ ನಾಯಿಯನ್ನು ಮರೆತಿರಲಾರರು. ಶಿಂಜಿ ಮಿಕಾಮಿ ಅದರ ನಿರ್ದೇಶಕರು. ಅಂದು ಕುರ್ಚಿಯಿಂದ ಬೆಚ್ಚಿಬಿದ್ದವರ ಹೆದರಿಕೆಯಲ್ಲಿ ನಾಯಿಯಷ್ಟೇ ಪಾಲು ಕ್ಯಾಮೆರಾದ್ದೂ ಇತ್ತು.

ಈಗಿನ ಎಷ್ಟೋ ಆಟಗಳಲ್ಲಿ ಕ್ಯಾಮೆರಾ ಪಾತ್ರದ ಬೆನ್ನಹಿಂದೆಯೇ ಬರುತ್ತದೆ, ಬೇಕಾದ ಕಡೆ ತಿರುಗಿಸಿ ನೋಡಬಹುದು. ಇಲ್ಲಿ ಹಾಗಿಲ್ಲ. ಅಂಗಡಿಯ ಸಿಸಿಟಿವಿಯಂತೆ ಅದು ಒಂದು ಮೂಲೆಯಲ್ಲಿ ಕೂತುಬಿಟ್ಟಿದೆ. ನೆಲದ ಮೇಲೆ ಕಣ್ಣಿಗೆ ಕಾಣದ ಗೆರೆಯೊಂದಿದ್ದು, ಪಾತ್ರ ಅದನ್ನು ದಾಟಿದ ಕೂಡಲೇ ದೃಶ್ಯ ಇನ್ನೊಂದು ಮೂಲೆಯ ಕ್ಯಾಮೆರಾಕ್ಕೆ ಹಾರುತ್ತದೆ.

ಇದಕ್ಕೆ ಕಾರಣ ಬಡತನ. ಪ್ಲೇಸ್ಟೇಷನ್ನಿನ ಮುಖ್ಯ ಮೆಮೊರಿ ಬರೀ 2 ಮೆಗಾಬೈಟ್. ಇಡೀ ಬಂಗಲೆಯನ್ನು ಆಟ ನಡೆಯುವಾಗಲೇ ಮೂರು ಆಯಾಮದಲ್ಲಿ ಬಿಡಿಸುತ್ತ ಹೋದರೆ ಗೋಡೆ, ಮೇಜು, ದೀಪ ಎಲ್ಲವೂ ಒರಟೊರಟಾಗುತ್ತಿದ್ದವು. ಹಾಗಾಗಿ ಪ್ರತಿ ಕೋನದ ನೋಟವನ್ನೂ ಮೊದಲೇ ಕಂಪ್ಯೂಟರಿನಲ್ಲಿ ಸಾವಕಾಶವಾಗಿ ಚಿತ್ರಿಸಿ ಸಿ.ಡಿ.ಯಲ್ಲಿ ಇಟ್ಟರು. ಆಡುವಾಗ ಯಂತ್ರ ಬಿಡಿಸಬೇಕಾದದ್ದು ಪಾತ್ರ, ಜೊಂಬಿ ಮತ್ತು ಕೆಲವೇ ವಸ್ತುಗಳನ್ನು. ನಮ್ಮ ಕಂಪನಿ ನಾಟಕಗಳ ಅರಮನೆ ಪರದೆ ನೆನಪಿದ್ದವರಿಗೆ ಇದು ಬೇಗ ಅರ್ಥವಾದೀತು. ಒಂದು ವ್ಯತ್ಯಾಸವಿದೆ: ಇಲ್ಲಿ ನಟ ಪರದೆಯ ಕಂಬದ ಹಿಂದೆಯೂ ಹೋಗಬಲ್ಲ. ಕಂಬದ ತುಂಡನ್ನಷ್ಟೇ ಕತ್ತರಿಸಿ ಅವನ ಮೇಲೆ ಅಂಟಿಸಿದರಾಯಿತು. ಆದರೆ ಪರದೆಯನ್ನು ಪಕ್ಕದಿಂದ ನೋಡಿದರೆ ಗುಟ್ಟು ರಟ್ಟಾಗುತ್ತದಲ್ಲ, ಅದಕ್ಕೇ ಕ್ಯಾಮೆರಾ ಅಲುಗುವಂತಿಲ್ಲ. ಫ್ರಾನ್ಸಿನ ಫ್ರೆಡೆರಿಕ್ ರೇನಾಲ್ 1992ರಲ್ಲೇ ‘ಅಲೋನ್ ಇನ್ ದ ಡಾರ್ಕ್’ನಲ್ಲಿ ಈ ದಾರಿ ತೋರಿಸಿದ್ದರು. ಮಿಕಾಮಿ ತಂಡ ಮೊದಲು ಪಾತ್ರದ ಕಣ್ಣಿನಿಂದಲೇ ನೋಡುವ ಆಟವನ್ನು ಪ್ರಯತ್ನಿಸಿ, ಅದನ್ನು ಬಿಟ್ಟು ಈ ದಾರಿಗೆ ಬಂತು.

ಆಗ ಎದುರಾಯಿತು ಎರಡನೆಯ ತೊಡಕು. ಪಾತ್ರ ಕ್ಯಾಮೆರಾದ ಕಡೆಗೆ ಓಡಿ ಬರುತ್ತಿದೆ, ನೀವು ಕೆಳಗಿನ ಗುಂಡಿ ಒತ್ತಿದ್ದೀರಿ ಎನ್ನಿ. ಗೆರೆ ದಾಟಿತು. ಹೊಸ ಕ್ಯಾಮೆರಾ ಅದರ ಬೆನ್ನ ಹಿಂದಿದೆ. ಗುಂಡಿಗಳು ಪರದೆಯ ದಿಕ್ಕನ್ನೇ ಪಾಲಿಸುವುದಾದರೆ ‘ಕೆಳಗೆ’ ಎಂದರೆ ಈಗ ‘ಬಂದ ದಾರಿಗೆ ವಾಪಸ್’ ಎಂದಾಯಿತು. ಪಾತ್ರ ಹಿಂದಿರುಗಿ ಗೆರೆ ದಾಟುತ್ತದೆ, ಹಳೆಯ ಕ್ಯಾಮೆರಾ ಬರುತ್ತದೆ, ಮತ್ತೆ ತಿರುಗುತ್ತದೆ. ಬೆರಳು ಎತ್ತುವವರೆಗೂ ಗೆರೆಯ ಮೇಲೆ ಉಯ್ಯಾಲೆ!

ಇದಕ್ಕೆ ಕಂಡುಕೊಂಡ ಉಪಾಯಕ್ಕೆ ಟ್ಯಾಂಕ್ ಕಂಟ್ರೋಲ್ ಎಂಬ ಹೆಸರು ಬಿತ್ತು. ಮೇಲಿನ ಗುಂಡಿ ಒತ್ತಿದರೆ ಪಾತ್ರ ಮುಖ ಮಾಡಿದ ಕಡೆಗೆ ನಡೆಯುತ್ತದೆ, ಕೆಳಗಿನದಕ್ಕೆ ಹಿಂದೆ ಸರಿಯುತ್ತದೆ, ಎಡಬಲದವು ಯುದ್ಧದ ಟ್ಯಾಂಕಿನಂತೆ ನಿಂತಲ್ಲೇ ತಿರುಗಿಸುತ್ತವೆ. ಕ್ಯಾಮೆರಾ ಎಲ್ಲಿಗೆ ಹಾರಿದರೂ ಹೆಬ್ಬೆರಳು ಕದಲಬೇಕಿಲ್ಲ. ಆಗಿನ ಪ್ಲೇಸ್ಟೇಷನ್ ಕಂಟ್ರೋಲರಿನಲ್ಲಿ ಇದ್ದದ್ದೂ ನಾಲ್ಕು ದಿಕ್ಕಿನ ಗುಂಡಿಗಳೇ, ವಾಲಿಸುವ ಕಡ್ಡಿ ಇನ್ನೂ ಬಂದಿರಲಿಲ್ಲ.

ಉಪಾಯಕ್ಕೆ ಬೆಲೆಯೂ ಇತ್ತು. ಹಿಂದಕ್ಕೆ ತಿರುಗಲು ಹೊತ್ತು ಹಿಡಿಯುತ್ತದೆ. ಪಿಸ್ತೂಲು ಎತ್ತಿದರೆ ಕಾಲು ನೆಲಕ್ಕೆ ಅಂಟುತ್ತದೆ. ಜೊಂಬಿಗಳು ಕಾಲೆಳೆದುಕೊಂಡು ಬರುವುದರಿಂದ ಇದು ಸಹ್ಯವಾಗುತ್ತದೆ: ಅವುಗಳ ನಿಧಾನ, ನಮ್ಮ ನಿಧಾನ, ಎರಡೂ ಸಮ. ಮೂಲೆಯಾಚೆಯಿಂದ ನರಳುವ ಸದ್ದು ಬರುತ್ತದೆ, ಎಷ್ಟು ದೂರವೋ ಕಾಣದು. ಗುಂಡು ಕಡಿಮೆ. ಮುಂದೆ ಹೋಗುವುದೋ ಬಿಡುವುದೋ ಎಂದು ಯೋಚಿಸಲು ಸಮಯವಿದೆ, ಹೆದರಿಕೆ ಬೆಳೆಯುವುದು ಆ ಸಮಯದಲ್ಲೇ. ನಾಯಿ ಈ ಒಪ್ಪಂದ ಮುರಿಯುತ್ತದೆ. ನೀವು ತಿರುಗುವಷ್ಟರಲ್ಲಿ ಅದು ಕ್ಯಾಮೆರಾದ ಅಂಚು ದಾಟಿ ಮಾಯವಾಗಿರುತ್ತದೆ. ಕಾರಿಡಾರು ಅಷ್ಟು ಹೆದರಿಸುವುದು ಅದಕ್ಕೇ.

ಹಾಗಂತ ಇದೆಲ್ಲವನ್ನೂ ಕಲೆಯೆಂದು ಹೊಗಳಲಾರೆ. ಪಾತ್ರದ ಮೂಗಿನ ಮುಂದೆಯೇ ನಿಂತ ಜೊಂಬಿ, ಕ್ಯಾಮೆರಾ ಬೇರೆಡೆ ಇದೆ ಎಂಬ ಒಂದೇ ಕಾರಣಕ್ಕೆ ನಮಗೆ ಕಾಣದಿದ್ದರೆ ಅದು ಮೋಸವೇ. ಕಂಪನಿಗೂ ಇಕ್ಕಟ್ಟು ಗೊತ್ತಿತ್ತೆಂದು ಕಾಣುತ್ತದೆ; 1999ರ ಮೂರನೆಯ ಆಟದಲ್ಲಿ ಥಟ್ಟನೆ ಹಿಂದಿರುಗುವ ಸೌಲಭ್ಯ ಕೊಟ್ಟರು. 2005ರ ನಾಲ್ಕನೆಯದರಲ್ಲಿ ಕ್ಯಾಮೆರಾ ಮೂಲೆ ಬಿಟ್ಟು ಪಾತ್ರದ ಭುಜದ ಹಿಂದೆ ಬಂತು.

ಮೊದಲ ಆಟವನ್ನು 2002ರಲ್ಲಿ ಹೊಸದಾಗಿ ಕಟ್ಟಿದರು. ಅದರ 2015ರ ಆವೃತ್ತಿಯಲ್ಲಿ ಎರಡು ಬಗೆಯ ಕಂಟ್ರೋಲ್‌ಗಳಿವೆ. ಹೊಸ ಬಗೆಯಲ್ಲಿ ಕಡ್ಡಿ ವಾಲಿಸಿದ ಕಡೆಗೆ ಪಾತ್ರ ಓಡುತ್ತದೆ. ಕ್ಯಾಮೆರಾ ಬದಲಾದರೂ ಕಡ್ಡಿ ಬಿಡುವವರೆಗೆ ಹಳೆಯ ದಿಕ್ಕನ್ನೇ ಹಿಡಿದಿರುತ್ತದೆ. ಉಯ್ಯಾಲೆಯ ಕಾಟ ತಪ್ಪಿತು, ಜೊಂಬಿಗಳನ್ನು ಸುತ್ತಿಬಳಸಿ ನುಸುಳುವುದೂ ಸುಲಭವಾಯಿತು. ಹೊಸದಾಗಿ ಆಡುವವರು ಹಳೆಯ ಬಗೆಯನ್ನೇ ಆರಿಸಿಕೊಂಡು ಆ ಕಾರಿಡಾರಿಗೆ ಹೋಗಿ ನೋಡಿ. ಹಳಬರಿಗಾಗಿ ಅಲ್ಲೊಂದು ಚೇಷ್ಟೆಯಿದೆ: ಮೊದಲ ಸಲ ಗಾಜು ಬಿರುಕು ಬಿಡುತ್ತದೆ ಅಷ್ಟೆ. ನಾಯಿ ಬರುವುದು ಆಮೇಲೆ.