ಮಿಕ್ಕಿಯ ಕಿವಿ ಎಲ್ಲಿದೆ?

ಕಾಗದದ ಮೇಲೆ ಹುಟ್ಟಿದ ಪಾತ್ರವನ್ನು ಕಂಪ್ಯೂಟರಿನಲ್ಲಿ ಮೂರು ಆಯಾಮದ ಗೊಂಬೆಯಾಗಿ ಕಟ್ಟುವ ಮುಂಚೆ ಕಲಾವಿದರು ಒಂದು ಹಾಳೆ ಸಿದ್ಧಪಡಿಸುತ್ತಾರೆ. ಅದರಲ್ಲಿ ಅದೇ ಪಾತ್ರ ಒಂದೇ ನೆಲಗೆರೆಯ ಮೇಲೆ, ಒಂದೇ ಎತ್ತರದಲ್ಲಿ ನಾಲ್ಕು ಸಲ ನಿಂತಿರುತ್ತದೆ: ಎದುರಿನಿಂದ, ಅರ್ಧ ತಿರುಗಿ, ಪಕ್ಕದಿಂದ, ಬೆನ್ನಿನ ಕಡೆಯಿಂದ. ಇದು ಟರ್ನ್‌ಅರೌಂಡ್. ಮುಖಭಾವ, ಕೈಬೆರಳು, ಬಟ್ಟೆ, ಬಣ್ಣಗಳ ವಿವರವೂ ಸೇರಿದರೆ ರೆಫರೆನ್ಸ್ ಶೀಟ್. ಒಂಟಿ ಚಿತ್ರದಲ್ಲಿ ಕಲಾವಿದ ಎಷ್ಟು ಬೇಕಾದರೂ ಸ್ವಾತಂತ್ರ್ಯ ತೆಗೆದುಕೊಳ್ಳಬಹುದು. ನಾಲ್ಕು ಚಿತ್ರ ಒಟ್ಟಿಗೆ ನಿಂತಾಗ ಮಾತ್ರ ಪ್ರಶ್ನೆ ಏಳುತ್ತದೆ: ಇವೆಲ್ಲವೂ ಒಂದೇ ದೇಹದ ನೋಟಗಳೇ? ಅಂಥ ದೇಹವೊಂದು ಇರಲು ಸಾಧ್ಯವೇ?

ಮೊದಲ ಪರೀಕ್ಷೆ ಅಡ್ಡಗೆರೆಗಳದ್ದು. ನೆತ್ತಿ, ಕಣ್ಣು, ಮೂಗಿನ ತುದಿ, ಗಲ್ಲ, ಭುಜ, ಸೊಂಟ, ಮಂಡಿ ಇವುಗಳ ಮಟ್ಟದಲ್ಲಿ ಹಾಳೆಯ ಈ ತುದಿಯಿಂದ ಆ ತುದಿಗೆ ಗೆರೆ ಎಳೆಯುತ್ತಾರೆ. ನಾಲ್ಕೂ ಚಿತ್ರಗಳಲ್ಲಿ ಆಯಾ ಭಾಗ ಅದೇ ಗೆರೆಯ ಮೇಲೆ ಕೂರಬೇಕು. ತೊಂಬತ್ತು ಸೆಂಟಿಮೀಟರ್ ಎತ್ತರದ ಒಬ್ಬ ಪುಟ್ಟ ಹುಡುಗಿಯನ್ನು 1800 ಪಿಕ್ಸೆಲ್ ಎತ್ತರಕ್ಕೆ ಬರೆದಿದ್ದಾರೆ ಎನ್ನೋಣ. ಆಗ ಒಂದು ಪಿಕ್ಸೆಲ್ ಅಂದರೆ ಅರ್ಧ ಮಿಲಿಮೀಟರ್. ಎದುರು ನೋಟಕ್ಕಿಂತ ಪಕ್ಕದ ನೋಟದಲ್ಲಿ ಬಾಯಿ 20 ಪಿಕ್ಸೆಲ್ ಕೆಳಗಿದ್ದರೆ ಕಣ್ಣಿಗೆ ಥಟ್ಟನೆ ಗೊತ್ತಾಗುವುದಿಲ್ಲ. ಆದರೆ ಬ್ಲೆಂಡರ್ ಅಥವಾ ಮಾಯಾದಂಥ ತಂತ್ರಾಂಶದಲ್ಲಿ ಒಂದು ಚಿತ್ರವನ್ನು ಎದುರಿಗೂ ಇನ್ನೊಂದನ್ನು ಪಕ್ಕಕ್ಕೂ ನಿಲ್ಲಿಸಿ ಅವುಗಳ ನಡುವೆ ಮುಖ ಕಟ್ಟುವ ಮಾಡೆಲರ್‌ಗೆ ಅದು ಒಂದು ಸೆಂಟಿಮೀಟರಿನ ಜಗಳ. ಒಂದು ನೋಟಕ್ಕೆ ತುಟಿ ಹೊಂದಿಸಿದರೆ ಇನ್ನೊಂದರಲ್ಲಿ ತಪ್ಪುತ್ತದೆ. ಯಾವ ಚಿತ್ರವನ್ನು ನಂಬಬೇಕೆಂದು ಹೇಳಬೇಕಾದವರು ಬರೆದವರೇ, ಅದೂ ಕೆಲಸ ಶುರುವಾಗುವ ಮುಂಚೆಯೇ.

ಗೆರೆಗಳು ಹೊಂದಬೇಕಾದರೆ ಚಿತ್ರದಲ್ಲಿ ಪರ್ಸ್ಪೆಕ್ಟಿವ್ ಇರಬಾರದು. ನಮ್ಮ ಕಣ್ಣಿಗೂ ಕ್ಯಾಮೆರಾಕ್ಕೂ ಹತ್ತಿರದ್ದು ದೊಡ್ಡದಾಗಿ, ದೂರದ್ದು ಚಿಕ್ಕದಾಗಿ ಕಾಣುತ್ತದೆ. ಟರ್ನ್‌ಅರೌಂಡ್ ಹಾಳೆಯಲ್ಲಿ ಈ ಸಹಜ ನೋಟವೇ ಅಡ್ಡಿ. ಅದೇ ಹುಡುಗಿಯ ಕಣ್ಣು ನೆಲದಿಂದ 72 ಸೆಂಟಿಮೀಟರ್ ಮೇಲಿದೆ. ಅಷ್ಟೇ ಎತ್ತರದಲ್ಲಿ, ಹಿಮ್ಮಡಿಯಿಂದ ಒಂದು ಮೀಟರ್ ದೂರದಿಂದ ನೋಡುತ್ತಿದ್ದೇವೆ. ಹಿಮ್ಮಡಿಗಿಂತ 10 ಸೆಂಟಿಮೀಟರ್ ಮುಂದಿರುವ ಹೆಬ್ಬೆರಳು, ಚಿತ್ರದಲ್ಲಿ ಹಿಮ್ಮಡಿಗಿಂತ ಸುಮಾರು 8 ಸೆಂಟಿಮೀಟರ್ ಕೆಳಕ್ಕೆ ಬೀಳುತ್ತದೆ. ಎರಡೂ ಇರುವುದು ಅದೇ ನೆಲದ ಮೇಲೆ! ಆದ್ದರಿಂದ ಇಲ್ಲಿ ಆರ್ಥೋಗ್ರಾಫಿಕ್ ನೋಟ ಬೇಕು, ಅಂದರೆ ನೋಡುವ ಗೆರೆಗಳೆಲ್ಲ ಸಮಾನಾಂತರವಾಗಿರುವ ನೋಟ. ಹಾಳೆ ಸರಿಯಿದೆಯೇ ಎಂದು ತಿಳಿಯಲು ನಾನು ಮೊದಲು ನೋಡುವುದು ಪಾದಗಳನ್ನೇ. ಎದುರು ನೋಟದಲ್ಲಿ ಪಾದ ಕೆಳಕ್ಕೆ ಜೋತುಬಿದ್ದಂತಿದ್ದರೆ ಉಳಿದ ಭಾಗಗಳನ್ನೂ ಅನುಮಾನಿಸಬೇಕು.

ಹಾಳೆಯಲ್ಲಿ ನಿಲ್ಲುವ ಪಾತ್ರದ ಕೈಗಳನ್ನು ಟಿ ಅಕ್ಷರದಂತೆ ಪೂರ್ತಿ ಚಾಚಿಸುವ ಬದಲು ಇಳಿಜಾರಾಗಿ ಬಿಡುವ ಎ-ಪೋಸ್ ಈಗ ಹೆಚ್ಚು ಬಳಕೆಯಲ್ಲಿದೆ. ಹಾಗೆ ನಿಂತಾಗ ಭುಜದ ಆಕಾರ ಸಹಜವಾಗಿರುತ್ತದೆ.

ಇನ್ನು ನಿಜವಾದ ತೊಡಕಿಗೆ ಬರೋಣ. ಎದುರು ನೋಟ, ಪಕ್ಕದ ನೋಟ ಎರಡೂ ಕರಾರುವಾಕ್ಕಾಗಿವೆ, ಅಡ್ಡಗೆರೆಗಳೆಲ್ಲ ಹೊಂದಿವೆ. ಇಷ್ಟಿದ್ದರೂ ಗೊಂಬೆ ಕೆಡಬಹುದು. ಹುಡುಗಿಯ ತಲೆ ಎದುರಿನಿಂದಲೂ ಪಕ್ಕದಿಂದಲೂ 30 ಸೆಂಟಿಮೀಟರ್ ವ್ಯಾಸದ ವೃತ್ತ. ಹಾಗಾದರೆ ಅದು ಗೋಳವೇ ಇರಬೇಕಲ್ಲವೇ? ಇರಬೇಕೆಂದಿಲ್ಲ. ಜೇಡಿಮಣ್ಣಿನ ಘನವೊಂದನ್ನು ತೆಗೆದುಕೊಂಡು, ಅದರಷ್ಟೇ ಅಗಲದ ದುಂಡು ಡಬ್ಬಿಯಿಂದ ಎದುರಿನಿಂದ ಒಂದು ಸಲ, ಪಕ್ಕದಿಂದ ಇನ್ನೊಂದು ಸಲ ಕೊರೆದು, ಡಬ್ಬಿಯ ಹೊರಗೆ ಉಳಿದದ್ದನ್ನು ಎರಡು ಸಲವೂ ತೆಗೆದುಹಾಕಿ. ಉಳಿದ ಮುದ್ದೆ ಎದುರಿನಿಂದ ವೃತ್ತ, ಪಕ್ಕದಿಂದಲೂ ವೃತ್ತ. ಮೇಲಿನಿಂದ ನೋಡಿದರೆ ಮಾತ್ರ ಚೌಕ! ಎರಡು ನೋಟಗಳ ಹೊರಗೆರೆಗಳನ್ನಷ್ಟೇ ನಂಬಿ ಕಟ್ಟಿದಾಗ ಹೊಸಬರ ಗೊಂಬೆಗಳ ತಲೆ ಪೆಟ್ಟಿಗೆಯಂತೆ ಕಾಣುವುದು ಈ ಕಾರಣಕ್ಕೆ. ಕೆನ್ನೆ ಎಲ್ಲಿ ಹಿಂದಕ್ಕೆ ಬಾಗಬೇಕೆಂದು ಆ ಎರಡು ಚಿತ್ರಗಳಲ್ಲಿ ಎಲ್ಲೂ ಬರೆದಿರುವುದಿಲ್ಲ.

ಅದನ್ನು ಹೇಳುವುದು 45 ಡಿಗ್ರಿ ತಿರುಗಿದ ಮುಕ್ಕಾಲು ನೋಟ. ಗೋಳವಾದರೆ ಅಲ್ಲೂ ತಲೆಯ ಅಗಲ 30 ಸೆಂಟಿಮೀಟರೇ. ಕೊರೆದ ಮುದ್ದೆಯಾದರೆ ಚೌಕದ ಕರ್ಣ ಕಣ್ಣಿಗೆ ಬೀಳುವುದರಿಂದ ಅಗಲ 42 ದಾಟುತ್ತದೆ. ಹಾಗಾಗಿ ಮಾಡೆಲರ್ ಎದುರು ಮತ್ತು ಪಕ್ಕದ ನೋಟಗಳಿಂದ ಒರಟು ಆಕಾರ ಕಟ್ಟಿ, ಅದನ್ನು 45 ಡಿಗ್ರಿ ತಿರುಗಿಸಿ, ಹಾಳೆಯ ಮುಕ್ಕಾಲು ನೋಟದ ಪಕ್ಕದಲ್ಲಿಟ್ಟು ನೋಡುತ್ತಾರೆ. ಹಣೆಯಿಂದ ಕಣ್ಣಿನ ಗುಳಿಗೆ ಇಳಿದು, ಕೆನ್ನೆಯ ಮೇಲೇರಿ, ಗಲ್ಲಕ್ಕೆ ಸೇರುವ ಆ ಒಂದು ಗೆರೆಯಲ್ಲಿ ಮುಖದ ಗುರುತೇ ಅಡಗಿದೆ. ನಾಲ್ಕರಲ್ಲಿ ಒಂದು ಚಿತ್ರವನ್ನು ಮಾತ್ರ ಮನಸ್ಸಿಟ್ಟು ಬರೆಯಲು ಸಮಯವಿದ್ದರೆ, ಅದು ಇದೇ ಆಗಿರಲಿ ಎನ್ನುತ್ತೇನೆ. ನೆತ್ತಿಯ ಮೇಲಿನಿಂದ ನೋಡಿದ ತಲೆಯ ಸಣ್ಣ ಚಿತ್ರವೊಂದನ್ನೂ ಸೇರಿಸಿದರೆ ಇನ್ನೂ ಒಳ್ಳೆಯದು.

ಈ ತೊಂದರೆ ಕಂಪ್ಯೂಟರ್ ತಂದದ್ದಲ್ಲ. ಡಿಸ್ನಿ ಸ್ಟುಡಿಯೋದಲ್ಲಿ ಜೋ ಗ್ರಾಂಟ್ ಮುನ್ನಡೆಸುತ್ತಿದ್ದ ಕ್ಯಾರೆಕ್ಟರ್ ಮಾಡೆಲ್ ವಿಭಾಗ, 1940ರ 'ಪಿನೋಕಿಯೋ' ಚಿತ್ರದ ಕಾಲದಲ್ಲೇ ಪಾತ್ರಗಳ ಪುಟ್ಟ ಶಿಲ್ಪಗಳನ್ನು ಮಾಡಿ ಚಿತ್ರಕಾರರಿಗೆ ಕೊಡುತ್ತಿತ್ತು. ಯಾವ ಕೋನದಿಂದ ಬರೆಯಬೇಕಾದರೂ ಶಿಲ್ಪವನ್ನು ತಿರುಗಿಸಿ ನೋಡಿದರಾಯಿತು.

ಆದರೆ ಅದೇ ಸ್ಟುಡಿಯೋದ ಅತಿ ಪ್ರಸಿದ್ಧ ಪಾತ್ರವನ್ನು ಶಿಲ್ಪವಾಗಿ ಕಟ್ಟಲು ಹೊರಟರೆ ಎಂಥ ಟರ್ನ್‌ಅರೌಂಡೂ ಸಾಲದು. 1928ರಲ್ಲಿ ತೆರೆಗೆ ಬಂದ ಮಿಕ್ಕಿ ಮೌಸ್‌ನ ಕಿವಿಗಳು ಎದುರಿನಿಂದ ನೋಡಿದರೆ ತಲೆಯ ಎಡಬಲಕ್ಕೆ ಎರಡು ದುಂಡು ವೃತ್ತ. ಅವನು ಪಕ್ಕಕ್ಕೆ ತಿರುಗಿದಾಗಲೂ ಎರಡು ದುಂಡು ವೃತ್ತಗಳೇ ಕಾಣುತ್ತವೆ, ಒಂದು ನೆತ್ತಿಯ ಮೇಲೆ, ಇನ್ನೊಂದು ತಲೆಯ ಹಿಂದೆ. ಕಿವಿ ಚಪ್ಪಟೆ ಬಿಲ್ಲೆಯಾಗಿದ್ದರೆ ಪಕ್ಕದಿಂದ ಬರಿಯ ಪಟ್ಟಿಯಂತೆ ಕಾಣಬೇಕಿತ್ತು. ಗೋಳವಾಗಿದ್ದರೆ ವೃತ್ತವೇನೋ ಉಳಿಯುತ್ತಿತ್ತು, ಆದರೆ ಎಡಬಲದ ಎರಡು ಕಿವಿಗಳು ಪಕ್ಕದಿಂದ ಒಂದರ ಹಿಂದೊಂದು ಮರೆಯಾಗಿ ಒಂದೇ ಆಗುತ್ತಿದ್ದವು. ಎಲ್ಲ ನೋಟಗಳಿಗೂ ಒಪ್ಪುವ ಗಟ್ಟಿ ವಸ್ತು ಇಲ್ಲವೇ ಇಲ್ಲ. ಬರೆಯುವ ಕೈ ಮಾತ್ರ ಪ್ರತಿ ಕೋನಕ್ಕೂ ಕಿವಿಯನ್ನು ಸದ್ದಿಲ್ಲದೆ ಸರಿಸುತ್ತಾ ಬಂದಿದೆ.

2003ರಲ್ಲಿ ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ 'ಮಿಕ್ಕೀಸ್ ಫಿಲ್‌ಹಾರ್‌ಮ್ಯಾಜಿಕ್' ಎಂಬ ಪ್ರದರ್ಶನದಲ್ಲಿ ಮಿಕ್ಕಿ ಮೂರು ಆಯಾಮದ ಕಂಪ್ಯೂಟರ್ ರೂಪದಲ್ಲಿ ಕಾಣಿಸಿಕೊಂಡ. ಇಂಥ ಪಾತ್ರಕ್ಕೆ ದಾರಿ ಒಂದೇ: ಕಿವಿಯನ್ನು ತಲೆಗೆ ಅಂಟಿಸದೆ, ತಲೆಯ ಮೇಲ್ಮೈ ಮೇಲೆ ಜಾರುವಂತೆ ಮಾಡಿ, ಕ್ಯಾಮೆರಾ ಇರುವ ಕಡೆಗೆ ತಕ್ಕಂತೆ ಅದರ ಜಾಗ ಬದಲಿಸುವುದು. ಆಗ ಟರ್ನ್‌ಅರೌಂಡಿನ ನಾಲ್ಕು ಚಿತ್ರಗಳು ಒಂದು ಆಕಾರದ ನಾಲ್ಕು ನೋಟಗಳಾಗಿ ಉಳಿಯುವುದಿಲ್ಲ. ಕಿವಿ ತಲುಪಬೇಕಾದ ನಾಲ್ಕು ನಿಲ್ದಾಣಗಳಾಗುತ್ತವೆ. ನಡುವಿನ ಕೋನಗಳಲ್ಲಿ ಕಿವಿ ಎಲ್ಲಿರಬೇಕೆಂದು ತೋರಿಸುವ ಚಿತ್ರಗಳೂ ಬೇಕಾಗುತ್ತವೆ, ಏಕೆಂದರೆ ತಲೆ ತಿರುಗುವಾಗ ಜಾರಾಟ ಪ್ರೇಕ್ಷಕರಿಗೆ ಕಾಣಬಾರದು.

ಈ ಉಪಾಯಕ್ಕೂ ಮಿತಿಯಿದೆ. ಕಿವಿ ಒಂದು ಕ್ಯಾಮೆರಾಕ್ಕೆ ಮಾತ್ರ ಸರಿಯಾಗಿರುತ್ತದೆ. ದೃಶ್ಯದಲ್ಲೊಂದು ಕನ್ನಡಿಯಿದ್ದರೆ ಕನ್ನಡಿಯೊಳಗಿನ ಮಿಕ್ಕಿಯ ಕಿವಿ ತಪ್ಪು ಜಾಗದಲ್ಲಿರುತ್ತದೆ, ಗೋಡೆಗೆ ಬೀಳುವ ನೆರಳಿನಲ್ಲೂ ಹಾಗೆಯೇ. ಅಲ್ಲಿಗೆ ಬೇರೆಯದೇ ಕಿವಿ ಜೋಡಿಸಬೇಕು. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಮಿಕ್ಕಿಗಾದರೋ ಈ ಅನುಕೂಲವೂ ಇಲ್ಲ. ಅದನ್ನು ಎರಕ ಹೊಯ್ಯುವವರು ಯಾವುದಾದರೂ ಒಂದು ನೋಟವನ್ನು ಆರಿಸಿಕೊಳ್ಳಲೇಬೇಕು.