ಸ್ಪೇನಿನ ಮನೆತಾಯಿಗೆ ಒಂದು ಕಾರ್ಡ್

ಸ್ಪೇನಿನ ಸಲಮಾಂಕಾದಂಥ ಊರಿಗೆ ಭಾಷೆ ಕಲಿಯಲು ಹೋಗುವ ವಿದ್ಯಾರ್ಥಿಗಳಲ್ಲಿ ಹಲವರು ಅಲ್ಲಿನ ಒಂದು ಕುಟುಂಬದ ಜೊತೆ ಉಳಿಯುತ್ತಾರೆ. ಊಟ ಬಡಿಸಿ, ತಪ್ಪು ಮಾತು ತಿದ್ದಿ, ಜ್ವರ ಬಂದರೆ ವಿಚಾರಿಸಿಕೊಳ್ಳುವ ಆ ಮನೆಯೊಡತಿಗೆ ತಾಯಂದಿರ ದಿನದಂದು ಒಂದು ಕಾರ್ಡ್ ಕೊಡುವುದು ಸಹಜ. ಆದರೆ ಭಾರತದ ಲೆಕ್ಕ ಹಿಡಿದು ಮೇ ಎರಡನೆಯ ಭಾನುವಾರದವರೆಗೆ ಕಾದರೆ ಕಾರ್ಡ್ ಒಂದು ವಾರ ತಡವಾಗಿರುತ್ತದೆ. ಸ್ಪೇನಿನಲ್ಲಿ ಆ ದಿನ ಬರುವುದು ಮೇ ಮೊದಲ ಭಾನುವಾರ. 2026ರಲ್ಲಿ ಮೇ 3.

ಎರಡನೆಯ ಭಾನುವಾರದ ಮೂಲ ಅಮೆರಿಕ. ಆನಾ ಜಾರ್ವಿಸ್ ಎಂಬಾಕೆಯ ತಾಯಿ ತೀರಿಕೊಂಡದ್ದು 1905ರ ಮೇ 9ರಂದು. ಮಗಳು ಆ ನೆನಪಿಗೆ ಹತ್ತಿರವಾದ ಭಾನುವಾರವನ್ನು ಎಲ್ಲ ತಾಯಂದಿರಿಗೂ ಮೀಸಲಿಡಬೇಕೆಂದು ಹೋರಾಡಿದಳು. 1914ರಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಅದನ್ನು ಅಧಿಕೃತಗೊಳಿಸಿದರು. ಭಾರತ ಅನುಸರಿಸುತ್ತಿರುವುದು ಇದನ್ನೇ.

ಸ್ಪೇನಿನ ದಾರಿ ಬೇರೆ, ಅದು ಚರ್ಚಿನ ಪಂಚಾಂಗದ್ದು. ಅಲ್ಲಿ ಹಿಂದೆ ಕನ್ಯೆ ಮರಿಯಳ ಹಬ್ಬವಾದ ಡಿಸೆಂಬರ್ 8ರಂದೇ ತಾಯಂದಿರನ್ನೂ ನೆನೆಯುತ್ತಿದ್ದರು. 1965ರಿಂದ ಎರಡನ್ನೂ ಬೇರ್ಪಡಿಸಿ, ಕ್ಯಾಥೊಲಿಕರು ಮರಿಯಳ ತಿಂಗಳೆಂದೇ ಭಾವಿಸುವ ಮೇಗೆ ತಾಯಂದಿರ ದಿನವನ್ನು ತಂದರು. ಪನಾಮಾ ಮಾತ್ರ ಇಂದಿಗೂ ಡಿಸೆಂಬರ್ 8ನ್ನು ಬಿಟ್ಟಿಲ್ಲ. ಮೆಕ್ಸಿಕೊದಲ್ಲಿ ವಾರ ಯಾವುದಾದರೂ ಮೇ 10 ಖಚಿತ. 1922ರಲ್ಲಿ ಎಕ್ಸೆಲ್ಸಿಯೋರ್ ಪತ್ರಿಕೆ ನಡೆಸಿದ ಪ್ರಚಾರದಿಂದ ಅದು ನೆಲೆಯಾಯಿತು. ಎಲ್ಲಕ್ಕಿಂತ ಮನಕಲಕುವುದು ಬೊಲಿವಿಯಾದ ಮೇ 27. 1812ರಲ್ಲಿ ಕೊಚಬಾಂಬಾ ನಗರದ ಹೆಂಗಸರು ಸ್ಪೇನ್ ದೊರೆಯ ಸೈನ್ಯಕ್ಕೆ ಎದುರು ನಿಂತು ಗುಡ್ಡವೊಂದರ ಮೇಲೆ ಪ್ರಾಣ ಕೊಟ್ಟ ದಿನವದು. ಹಾಗಾಗಿ ಸ್ಪ್ಯಾನಿಷ್ ಮಾತಾಡುವ ಮನೆಯೆಂದ ಮಾತ್ರಕ್ಕೆ ದಿನ ಒಂದೇ ಎಂದು ತಿಳಿಯಬಾರದು. ಆ ತಾಯಿಯ ದೇಶ ಯಾವುದೆಂಬುದೇ ಮುಖ್ಯ.

ಇನ್ನು ಬರಹ. ಮನೆಯಲ್ಲಿ ಆಕೆಯನ್ನು ಹೆಸರಿಡಿದು ಕರೆಯುತ್ತಿದ್ದರೆ ಕಾರ್ಡಿನಲ್ಲೂ ಹೆಸರೇ ಇರಲಿ: 'ಕೆರೀದಾ ಕಾರ್ಮೆನ್', ಅಂದರೆ ಪ್ರೀತಿಯ ಕಾರ್ಮೆನ್. ಸಂಬೋಧನೆಯ ನಂತರ ಸ್ಪ್ಯಾನಿಷ್‌ನಲ್ಲಿ ಅಲ್ಪವಿರಾಮ ಹಾಕುವುದಿಲ್ಲ, ಎರಡು ಚುಕ್ಕಿಗಳ ವಿವರಣ ಚಿಹ್ನೆ ಹಾಕುತ್ತಾರೆ. ಸ್ಪೇನಿನಲ್ಲಿ ಶುಭಾಶಯ 'ಫೆಲೀಸ್ ದೀಯಾ ದೆ ಲಾ ಮಾದ್ರೆ'. ಮೆಕ್ಸಿಕೊದಲ್ಲಿ ಬಹುವಚನದ 'ದೆ ಲಾಸ್ ಮಾದ್ರೆಸ್' ರೂಢಿ. ವಾಕ್ಯದ ಮೊದಲಿಗೆ ತಲೆಕೆಳಗಾದ ಉದ್ಗಾರ ಚಿಹ್ನೆ, ಕೊನೆಗೆ ನೇರವಾದದ್ದು. 'ದೀಯಾ'ದ 'ಐ' ಅಕ್ಷರದ ಮೇಲೆ ಚುಕ್ಕಿಯ ಬದಲು ಓರೆಗೆರೆ ಬೇಕು. ಅವಸರದಲ್ಲಿ ತಪ್ಪಿಹೋಗುವುದು ಹೆಚ್ಚಾಗಿ ಇದೇ.

ಕೆಳಗೆ ಒಂದೇ ಸಾಲು ಸಾಕು: 'ಗ್ರಾಸಿಯಾಸ್ ಪೋರ್ ಕ್ವಿದಾರ್‌ಮೆ ಕೋಮೊ ಆ ಊನಾ ಈಹಾ ಮಾಸ್', ನನ್ನನ್ನು ಇನ್ನೊಬ್ಬ ಮಗಳಂತೆ ನೋಡಿಕೊಂಡದ್ದಕ್ಕೆ ಧನ್ಯವಾದ. ಬರೆಯುವವನು ಹುಡುಗನಾದರೆ 'ಉನ್ ಈಹೊ' ಆಗುತ್ತದೆ. ಈ ಸಾಲಿನಲ್ಲಿ ನೀನು, ನೀವು ಎರಡೂ ಇಲ್ಲದ ಕಾರಣ ಆ ಗೊಂದಲವೂ ಇಲ್ಲ. ಇನ್ನೂ ಬರೆಯುವುದಿದ್ದರೆ ಊಟದ ಮೇಜಿನಲ್ಲಿ ಆಕೆಯೊಡನೆ ಬಳಸುವ 'ತೂ' ಅಥವಾ 'ಉಸ್ತೆದ್' ರೂಪವನ್ನೇ ಕಾರ್ಡಿನ ತುದಿಯವರೆಗೂ ಉಳಿಸಿಕೊಂಡು, 'ಕೊನ್ ಕಾರಿನ್ಯೊ' ಎಂದು ಬರೆದು ಸಹಿ ಹಾಕಬಹುದು.