ಎಪ್ಪತ್ತು ಕಂಪನಿಗಳಿಗೆ ಮಾತ್ರ ಕಾಣಬೇಕಾದ ಜಾಹೀರಾತು

ಔಷಧ ಕಾರ್ಖಾನೆಯಲ್ಲಿ ತೂಕದ ಯಂತ್ರ, ಉಷ್ಣಮಾಪಕ, ಒತ್ತಡದ ಗೇಜು ಎಲ್ಲವನ್ನೂ ನಿಗದಿತ ಅವಧಿಗೊಮ್ಮೆ ಪರೀಕ್ಷಿಸಬೇಕು. ಅವು ತೋರಿಸುವ ಅಳತೆ ಸರಿಯಿದೆಯೆಂದು ಬರೆದಿಡಬೇಕು. ಇದನ್ನು ಕ್ಯಾಲಿಬ್ರೇಷನ್ ಎನ್ನುತ್ತಾರೆ. ತಪಾಸಣೆಗೆ ಬಂದ ಅಧಿಕಾರಿ ಮೊದಲು ಕೇಳುವ ಕಡತಗಳಲ್ಲಿ ಇದೂ ಒಂದು. ಈ ಕಡತಗಳನ್ನು ಕಾಗದದಿಂದ ಕಂಪ್ಯೂಟರಿಗೆ ತರುವ ಸಾಫ್ಟ್‌ವೇರ್ ಮಾಡುವ, ಇಪ್ಪತ್ತು ಜನರ ಮೈಸೂರಿನ ಕಂಪನಿಯೊಂದನ್ನು ಉದಾಹರಣೆಗೆ ಊಹಿಸಿಕೊಳ್ಳೋಣ. ಅವರ ಸಾಫ್ಟ್‌ವೇರ್ ಕೊಳ್ಳಬಲ್ಲ ಕಂಪನಿಗಳು ದೇಶದಲ್ಲಿ ಎಪ್ಪತ್ತು. ಎಪ್ಪತ್ತರ ಹೆಸರೂ ಅವರಿಗೆ ಗೊತ್ತು, ಹಾಳೆಯೊಂದರಲ್ಲಿ ಬರೆದೂ ಇಟ್ಟಿದ್ದಾರೆ. ಆ ಕಂಪನಿಗಳಿಗೆ ಮಾತ್ರ ಇವರ ಪರಿಚಯವಿಲ್ಲ.

ಪತ್ರಿಕೆಯಲ್ಲೋ ಟೀವಿಯಲ್ಲೋ ಜಾಹೀರಾತು ಕೊಟ್ಟರೆ ಅದನ್ನು ನೋಡುವವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಬೇಡದವರೇ. ಗೂಗಲ್‌ನಲ್ಲಿ ಕೊಟ್ಟರೆ ಆ ಪದವನ್ನು ಯಾರಾದರೂ ಹುಡುಕುವವರೆಗೆ ಕಾಯಬೇಕು. ಲಿಂಕ್ಡ್‌ಇನ್‌ನಲ್ಲಿ ಜನ ತಾವು ಯಾವ ಕಂಪನಿಯಲ್ಲಿ ಯಾವ ಹುದ್ದೆಯಲ್ಲಿದ್ದೇವೆ ಎಂದು ತಾವೇ ಬರೆದಿರುತ್ತಾರೆ. ಹಾಗಾಗಿ ‘ಈ ಎಪ್ಪತ್ತು ಕಂಪನಿಗಳ ನೌಕರರಿಗಷ್ಟೇ ತೋರಿಸಿ’ ಎಂದು ಅಲ್ಲಿ ಹೇಳಬಹುದು. ಹೇಳುವುದು ಸುಲಭ. ಹೇಳಿದಂತೆ ನಡೆಯುವ ಹಾಗೆ ನೋಡಿಕೊಳ್ಳುವುದರಲ್ಲಿ ಕೆಲಸವಿದೆ.

ಲಿಂಕ್ಡ್‌ಇನ್‌ನ ಜಾಹೀರಾತು ವಿಭಾಗದ ಹೆಸರು ಕ್ಯಾಂಪೇನ್ ಮ್ಯಾನೇಜರ್. ಕಂಪನಿಗಳ ಪಟ್ಟಿಯನ್ನು ಒಂದು ಸಿಎಸ್‌ವಿ ಫೈಲಾಗಿ ಅಲ್ಲಿಗೆ ಏರಿಸಬೇಕು. ಅದರ ಮುಖ್ಯ ಅಂಕಣಗಳು ಇವು:

```
companyname,companywebsite,companyemaildomain,linkedincompanypageurl
```

ಹೆಸರೊಂದನ್ನೇ ತುಂಬಿ ಕಳಿಸುವವರೇ ಹೆಚ್ಚು. ಅದು ಸಾಲದು. ಒಂದೇ ಬಗೆಯ ಹೆಸರಿನ ಔಷಧ ಕಂಪನಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಒಂದು ಕಂಪನಿಯ ಕಾರ್ಖಾನೆ, ಸಂಶೋಧನಾ ಘಟಕ, ವಿದೇಶಿ ಶಾಖೆಗಳಿಗೆ ಬೇರೆ ಬೇರೆ ಲಿಂಕ್ಡ್‌ಇನ್ ಪುಟಗಳಿರುವುದೂ ಉಂಟು. ಎಪ್ಪತ್ತು ಪುಟಗಳನ್ನು ಒಂದೊಂದಾಗಿ ತೆರೆದು, ವಿಳಾಸವನ್ನು ನಕಲು ಮಾಡಿ ಕೊನೆಯ ಅಂಕಣದಲ್ಲಿ ಅಂಟಿಸಿದರೆ ಗುರುತು ತಪ್ಪುವುದಿಲ್ಲ. ಅರ್ಧ ದಿನದ ಕೆಲಸ. ಘಟಕಕ್ಕೆ ಪ್ರತ್ಯೇಕ ಪುಟವಿದ್ದರೆ ಅದಕ್ಕೆ ಬೇರೆ ಸಾಲು ಕೊಡಬೇಕು. ಫೈಲು ಏರಿಸಿದ ಮೇಲೆ ಲಿಂಕ್ಡ್‌ಇನ್ ಅದನ್ನು ತನ್ನ ದಾಖಲೆಯೊಂದಿಗೆ ತಾಳೆ ನೋಡಲು ಎರಡು ದಿನದವರೆಗೂ ಹಿಡಿಯಬಹುದು. ತಾಳೆಯಾಗಿ ಸಿಕ್ಕ ಜನ 300ಕ್ಕಿಂತ ಕಡಿಮೆಯಿದ್ದರೆ ಜಾಹೀರಾತು ಓಡುವುದೇ ಇಲ್ಲ. ಈ ಮಿತಿ ಇರುವುದು ಒಳ್ಳೆಯದೇ. ಇಲ್ಲದಿದ್ದರೆ ಒಬ್ಬನೇ ಮನುಷ್ಯನನ್ನು ಗುರಿಯಾಗಿಸಿ ಅವನ ಪರದೆಯ ಮೇಲೆ ಬೇಕಾದ್ದನ್ನು ತೋರಿಸಬಹುದಿತ್ತು.

ಇಷ್ಟರಲ್ಲಿ ಸಿಕ್ಕಿದ್ದು ಕಂಪನಿಗಳು. ಕೊಳ್ಳುವ ತೀರ್ಮಾನ ಮಾಡುವವರು ಇನ್ನೂ ಸಿಕ್ಕಿಲ್ಲ. ದೊಡ್ಡ ಔಷಧ ಕಂಪನಿಯ ನೌಕರರಲ್ಲಿ ಬಹುದೊಡ್ಡ ಗುಂಪು ಮೆಡಿಕಲ್ ರೆಪ್‌ಗಳದ್ದು. ಡಾಕ್ಟರರ ಕ್ಲಿನಿಕ್‌ನಲ್ಲಿ ಬ್ಯಾಗು ಹಿಡಿದು ಕಾಯುವ ಇವರು ಲಿಂಕ್ಡ್‌ಇನ್‌ನಲ್ಲಿ ಸಾಕಷ್ಟು ಓಡಾಡುತ್ತಾರೆ. ಕ್ಯಾಲಿಬ್ರೇಷನ್ ಕಡತಕ್ಕೂ ಅವರಿಗೂ ಸಂಬಂಧವಿಲ್ಲ. ಬರೀ ಕಂಪನಿಯ ಹೆಸರು ಕೊಟ್ಟು ಜಾಹೀರಾತು ಬಿಟ್ಟರೆ ಹಣದ ಬಹುಪಾಲು ಅವರ ಕಣ್ಣಿಗೇ ಹೋಗುತ್ತದೆ. ಪಟ್ಟಿಯ ಮೇಲೆ ಇನ್ನೊಂದು ಜರಡಿ ಬೇಕು: ಕೆಲಸದ ವಿಭಾಗ ಗುಣಮಟ್ಟ ಅಥವಾ ಎಂಜಿನಿಯರಿಂಗ್ ಆಗಿರಬೇಕು, ಹುದ್ದೆ ಮ್ಯಾನೇಜರ್ ಅಥವಾ ಮೇಲಿನದಾಗಿರಬೇಕು, ಊರು ಭಾರತದೊಳಗಿರಬೇಕು.

ಚಿಕ್ಕ ಕಂಪನಿಗಳಿಗೆ ಇದೇ ಜರಡಿ ಹಿಡಿದರೆ ಬೇಕಾದವರೇ ಹೊರಗುಳಿಯುತ್ತಾರೆ. ನೂರಿನ್ನೂರು ಜನರ ಔಷಧ ಕಾರ್ಖಾನೆಯಲ್ಲಿ ಐದು ಲಕ್ಷದ ಸಾಫ್ಟ್‌ವೇರ್ ಕೊಳ್ಳಬೇಕೆ ಬೇಡವೆ ಎಂದು ಹೇಳುವವರು ಮಾಲೀಕರು ಅಥವಾ ಅವರ ಮಗ. ಅವರ ಪುಟದಲ್ಲಿ ‘ಡೈರೆಕ್ಟರ್’ ಎಂದಷ್ಟೇ ಇರುತ್ತದೆ. ಗುಣಮಟ್ಟ ವಿಭಾಗದವರೆಂದು ಲಿಂಕ್ಡ್‌ಇನ್ ಅವರನ್ನು ಗುರುತಿಸುವುದಿಲ್ಲ. ಆದ್ದರಿಂದ ಅಲ್ಲಿ ಮಾಲೀಕ, ಪಾಲುದಾರ, ನಿರ್ದೇಶಕ ಎಂಬ ಹುದ್ದೆಗಳನ್ನು ವಿಭಾಗದ ಷರತ್ತಿಲ್ಲದೆ ಸೇರಿಸಿಕೊಳ್ಳಬೇಕು.

ಎರಡು ಬಗೆಯ ಜರಡಿ ಬೇಕೆಂದಮೇಲೆ ಪಟ್ಟಿಯನ್ನು ಎರಡು ಮಾಡಲೇಬೇಕಾಗುತ್ತದೆ. ಹಾಗೆ ಮಾಡಲು ಇನ್ನೂ ಬಲವಾದ ಕಾರಣವಿದೆ. ಚಿಕ್ಕ ಪಟ್ಟಿಯ ಜಾಹೀರಾತುಗಳು ಹೆಚ್ಚಾಗಿ ಸೋಲುವುದು ಈ ಕಾರಣವನ್ನು ಕಾಣದೆ ಎಂಬುದು ನನ್ನ ಖಚಿತ ಅಭಿಪ್ರಾಯ. ನಮ್ಮ ಉದಾಹರಣೆಯಲ್ಲಿ ಜರಡಿ ಹಿಡಿದ ಮೇಲೆ 4,000 ಜನ ಉಳಿದರು ಎಂದಿಟ್ಟುಕೊಳ್ಳಿ. ಕಂಪನಿಗೆ ಸರಾಸರಿ ಐವತ್ತೇಳು ಜನ ಎಂದು ಲೆಕ್ಕ ಹಾಕಿ ಸಮಾಧಾನಪಟ್ಟುಕೊಳ್ಳುವಂತಿಲ್ಲ. ಐದು ದೊಡ್ಡ ಕಂಪನಿಗಳಲ್ಲೇ 2,600 ಜನ ಇರುತ್ತಾರೆ, ಉಳಿದ ಅರವತ್ತೈದರಲ್ಲಿ ಒಟ್ಟು 1,400. ಲಿಂಕ್ಡ್‌ಇನ್‌ಗೆ ಕಾಣುವುದು ಜನರ ರಾಶಿ, ಕಂಪನಿಗಳಲ್ಲ. ಎಲ್ಲರನ್ನೂ ಒಂದೇ ಕ್ಯಾಂಪೇನಿನಲ್ಲಿ ಸುರಿದರೆ ನೂರು ರೂಪಾಯಿಯಲ್ಲಿ ಅರವತ್ತೈದು ಆ ಐದು ಕಂಪನಿಗಳ ಪಾಲಾಗುತ್ತದೆ. ಜೊತೆಗೆ, ಯಾರು ಹೆಚ್ಚು ಕ್ಲಿಕ್ ಮಾಡುತ್ತಾರೋ ಅವರಂಥವರ ಕಡೆಗೇ ವ್ಯವಸ್ಥೆ ವಾಲುತ್ತದೆ. ಇಪ್ಪತ್ತು ಜನರ ಸಾಫ್ಟ್‌ವೇರ್ ಕಂಪನಿಗೆ ಆ ಐದು ದೈತ್ಯರು ಒಲಿಯುವ ಸಂಭವ ಬಹಳ ಕಡಿಮೆ. ಅಲ್ಲಿ ಈಗಾಗಲೇ ಜಾಗತಿಕ ಕಂಪನಿಯೊಂದರ ಸಾಫ್ಟ್‌ವೇರ್ ಬೇರೂರಿರುತ್ತದೆ. ಕೊಳ್ಳಬಹುದಾದ ಅರವತ್ತೈದು ಕಂಪನಿಗಳಿಗೆ ಉಳಿಕೆ ಚಿಲ್ಲರೆ ಹಂಚಿಹೋಗುತ್ತದೆ. ತಿಂಗಳ ಕೊನೆಯ ವರದಿಯಲ್ಲಿ ಒಟ್ಟು ಸಂಖ್ಯೆ ಮಾತ್ರ ಚೆನ್ನಾಗಿಯೇ ಕಾಣುತ್ತದೆ.

ದೈತ್ಯರಿಗೊಂದು ಕ್ಯಾಂಪೇನು, ಉಳಿದವರಿಗೊಂದು ಎಂದು ಬೇರ್ಪಡಿಸಿದರೆ ಯಾರಿಗೆ ಎಷ್ಟು ಖರ್ಚು ಎಂಬುದು ಮತ್ತೆ ನಮ್ಮ ಕೈಗೆ ಬರುತ್ತದೆ. ಹಾಗೆಂದು ಎಂಟು ಹತ್ತು ತುಂಡು ಮಾಡಲು ಹೋಗಬಾರದು. ಒಂದೊಂದು ಕ್ಯಾಂಪೇನಿಗೂ ದಿನಕ್ಕೆ ಕನಿಷ್ಠ 10 ಡಾಲರ್ ಬಜೆಟ್ ಇಡಬೇಕೆಂಬ ನಿಯಮವಿದೆ, ಮುನ್ನೂರು ಜನರ ಮಿತಿಯಂತೂ ಇದ್ದೇ ಇದೆ.

ಎಷ್ಟು ಹಣ ಬೇಕು ಎಂಬುದಕ್ಕೆ ಉತ್ತರ ಪಟ್ಟಿಯಲ್ಲೇ ಇದೆ. ಚಿಕ್ಕ ಕಂಪನಿಗಳ 1,400 ಜನರಲ್ಲಿ ಅರ್ಧದಷ್ಟು ಮಂದಿ ತಿಂಗಳಲ್ಲಿ ಲಿಂಕ್ಡ್‌ಇನ್ ತೆರೆದು ನೋಡುತ್ತಾರೆ ಎಂದುಕೊಳ್ಳೋಣ. ಆ 700 ಜನರಿಗೆ ತಿಂಗಳಿಗೆ ಎಂಟು ಸಲ ಜಾಹೀರಾತು ಕಾಣಬೇಕಾದರೆ 5,600 ಪ್ರದರ್ಶನಗಳಾದವು. ಸಾವಿರ ಪ್ರದರ್ಶನಕ್ಕೆ 1,500 ರೂಪಾಯಿ ಬಿದ್ದರೆ ಒಟ್ಟು 8,400 ರೂಪಾಯಿ. ದರ ಏರಿಳಿಯುತ್ತದೆ, ತೆರೆದು ನೋಡುವವರ ಪಾಲೂ ಬೇರೆಯಾಗಬಹುದು. ಲೆಕ್ಕದ ದಾರಿ ಮಾತ್ರ ಇದೇ. ಇಷ್ಟು ಚಿಕ್ಕ ಗುಂಪಿಗೆ ತಿಂಗಳಿಗೆ ಒಂದು ಲಕ್ಷ ಇಟ್ಟರೆ ಖರ್ಚು ಮಾಡಲು ಜನರೇ ಇರುವುದಿಲ್ಲ. ಹಣ ಹಾಗೇ ಉಳಿಯುತ್ತದೆ, ಅಥವಾ ಒಬ್ಬನಿಗೇ ಅದೇ ಜಾಹೀರಾತು ಮತ್ತೆ ಮತ್ತೆ ಕಂಡು ಬೇಸರ ಹುಟ್ಟಿಸುತ್ತದೆ. ತಿಂಗಳಿಗೆ ಒಂಬತ್ತು ಹತ್ತು ದಿನವಷ್ಟೇ ಓಡಿಸಿ ನಿಲ್ಲಿಸುವುದು ಲೇಸು. ಒಂದೇ ಚಿತ್ರದ ಬದಲು ನಾಲ್ಕೈದು ಬೇರೆ ಬೇರೆ ಜಾಹೀರಾತುಗಳನ್ನು ಸರದಿಯಲ್ಲಿ ಬಿಡಬೇಕು.

ಹಣ ಖರ್ಚಾಗದೆ ಉಳಿದಾಗಲೇ ದೊಡ್ಡ ತಪ್ಪೊಂದು ನಡೆದುಹೋಗುವುದು. ಪರದೆಯ ಮೇಲೆ Audience Expansion ಎಂಬ ಗುಂಡಿಯಿರುತ್ತದೆ. ಅದನ್ನು ಒತ್ತಿದರೆ ನಮ್ಮ ಪಟ್ಟಿಯವರನ್ನು ಹೋಲುವ ಇನ್ನಷ್ಟು ಜನರನ್ನು ಲಿಂಕ್ಡ್‌ಇನ್ ತಾನೇ ಸೇರಿಸಿಕೊಳ್ಳುತ್ತದೆ. LinkedIn Audience Network ಎಂಬುದು ಇನ್ನೊಂದು. ಅದು ಜಾಹೀರಾತನ್ನು ಹೊರಗಿನ ಆ್ಯಪ್‌ಗಳಿಗೂ ಜಾಲತಾಣಗಳಿಗೂ ಒಯ್ಯುತ್ತದೆ. ಲಕ್ಷಾಂತರ ಜನರನ್ನು ತಲುಪಬೇಕಾದವರಿಗೆ ಇವು ಉಪಯೋಗಕ್ಕೆ ಬರಬಹುದು. ಎಪ್ಪತ್ತು ಹೆಸರು ಹಿಡಿದು ಕೂತವರಿಗೆ ಮೊದಲನೆಯದು ಪಟ್ಟಿಯನ್ನೇ ಅಳಿಸಿಹಾಕುತ್ತದೆ, ಎರಡನೆಯದು ಅಗ್ಗದ ಪ್ರದರ್ಶನ ತುಂಬಿ ಲೆಕ್ಕವನ್ನು ಉಬ್ಬಿಸುತ್ತದೆ. ಎರಡನ್ನೂ ಆರಿಸಬೇಕು. ಬಜೆಟ್ ಪೂರ್ತಿ ಖರ್ಚಾಗಲಿಲ್ಲವೆಂದು ಯಾರಾದರೂ ಆತಂಕಪಟ್ಟರೂ ಸರಿ, ಆರಿಸಿಯೇ ಇಡಬೇಕು.

ಜಾಹೀರಾತಿನಲ್ಲಿ ಹೇಳುವುದೇನು? ‘ಇಂದೇ ಡೆಮೊ ಬುಕ್ ಮಾಡಿ’ ಎಂದು ಅಪರಿಚಿತ ಕಂಪನಿ ಕರೆದರೆ ಗುಣಮಟ್ಟ ವಿಭಾಗದ ಮುಖ್ಯಸ್ಥರು ತಿರುಗಿಯೂ ನೋಡುವುದಿಲ್ಲ. ಅವರ ತಲೆಯಲ್ಲಿರುವುದು ಮುಂದಿನ ತಪಾಸಣೆ. ಔಷಧ ತಯಾರಿಕೆಯ ನಿಯಮಗಳಾದ ಶೆಡ್ಯೂಲ್ ಎಂ ಅನ್ನು ಕೇಂದ್ರ ಸರ್ಕಾರ 2023ರ ಡಿಸೆಂಬರ್‌ನಲ್ಲಿ ಪರಿಷ್ಕರಿಸಿತು. ಅಮೆರಿಕಕ್ಕೆ ಔಷಧ ಕಳಿಸುವವರಾದರೆ ಅಲ್ಲಿನ ಎಫ್‌ಡಿಎ 1997ರಿಂದ ಜಾರಿಗೆ ತಂದ, ಎಲೆಕ್ಟ್ರಾನಿಕ್ ದಾಖಲೆ ಮತ್ತು ಸಹಿಗೆ ಸಂಬಂಧಿಸಿದ ನಿಯಮವನ್ನೂ ಪಾಲಿಸಬೇಕು. ‘ಕ್ಯಾಲಿಬ್ರೇಷನ್ ಗಡುವು ದಾಟಿದ ಉಪಕರಣದಲ್ಲಿ ತೂಗಿದ ಬ್ಯಾಚನ್ನು ಏನು ಮಾಡುವುದು’ ಎಂಬ ಪ್ರಶ್ನೆಗೆ ಆರು ಪುಟಗಳ ಪ್ರಾಮಾಣಿಕ ಉತ್ತರ ಬರೆದು ಡಾಕ್ಯುಮೆಂಟ್ ಜಾಹೀರಾತಾಗಿ ಬಿಟ್ಟರೆ ಅವರು ಪುಟ ತಿರುವುತ್ತಾರೆ. ಈ ಬಗೆಯ ಜಾಹೀರಾತನ್ನು ಲಿಂಕ್ಡ್‌ಇನ್ ಬಿಟ್ಟು ಹೊರಗೆ ಹೋಗದೆ ಅಲ್ಲೇ ಓದಬಹುದು. ಎಷ್ಟನೆಯ ಪುಟದವರೆಗೆ ಓದಬೇಕೆಂಬುದು ಓದುಗನ ಇಷ್ಟ. ಫೋನ್ ನಂಬರು ಕೇಳುವ ಫಾರಂ ಅಡ್ಡ ನಿಲ್ಲಿಸದಿದ್ದರೆ ಒಳ್ಳೆಯದು. ಕಂಪನಿಗಳ ಹೆಸರು ಹೇಗೂ ನಮ್ಮ ಬಳಿ ಇದೆಯಲ್ಲ!

ಹೀಗಾಗಿ ಎಷ್ಟು ಕ್ಲಿಕ್ ಬಂತು ಎಂಬುದು ಇಲ್ಲಿ ಮುಖ್ಯ ಅಳತೆಯಲ್ಲ. ಕ್ಯಾಂಪೇನ್ ಮ್ಯಾನೇಜರಿನ ಡೆಮೊಗ್ರಾಫಿಕ್ಸ್ ವರದಿಯನ್ನು ಕಂಪನಿಯ ಹೆಸರಿನ ಪ್ರಕಾರ ತೆರೆಯಬಹುದು. ಯಾವ ಕಂಪನಿಯಲ್ಲಿ ಎಷ್ಟು ಪ್ರದರ್ಶನ, ಎಷ್ಟು ಕ್ಲಿಕ್ ಎಂದು ಅಲ್ಲಿ ಅಂದಾಜು ಸಿಗುತ್ತದೆ. ವ್ಯಕ್ತಿಯ ಹೆಸರು ಮಾತ್ರ ಸಿಗುವುದಿಲ್ಲ. ಸಂಖ್ಯೆ ತೀರಾ ಚಿಕ್ಕದಿದ್ದರೆ ಕಂಪನಿಯ ಸಾಲೂ ಕಾಣದಿರಬಹುದು. ವಾರಕ್ಕೊಮ್ಮೆ ಈ ವರದಿಯನ್ನು ನಮ್ಮ ಎಪ್ಪತ್ತರ ಹಾಳೆಯ ಪಕ್ಕದಲ್ಲಿಟ್ಟು ಗುರುತು ಹಾಕುತ್ತಾ ಬರಬೇಕು. ಪಟ್ಟಿಯಲ್ಲಿಲ್ಲದ ಹೆಸರುಗಳು ಮೇಲೆ ಮೇಲೆ ಬಂದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಆಗ ಮೊದಲು ಮೇಲಿನ ಎರಡು ಗುಂಡಿಗಳನ್ನು, ಆಮೇಲೆ ಪುಟದ ವಿಳಾಸಗಳನ್ನು ನೋಡಬೇಕು. ಒಂದೇ ಕಂಪನಿ ಪ್ರದರ್ಶನದ ಕಾಲುಭಾಗ ನುಂಗುತ್ತಿದ್ದರೆ ಅದನ್ನು ಚಿಕ್ಕವರ ಕ್ಯಾಂಪೇನಿನಿಂದ ತೆಗೆದು ದೈತ್ಯರ ಜೊತೆ ಸೇರಿಸಬೇಕು.

ಮಾರಾಟದ ಹುಡುಗ ಅಥವಾ ಹುಡುಗಿಗೆ ಈ ಹಾಳೆಯಿಂದ ನೇರ ಉಪಯೋಗವಿದೆ. ಎರಡು ತಿಂಗಳಲ್ಲಿ ಪ್ರದರ್ಶನವೂ ಆಗಿ, ಡಾಕ್ಯುಮೆಂಟನ್ನು ತೆರೆದೂ ನೋಡಿದ ಕಂಪನಿಗಳಿಗೆ ಮೊದಲು ಕರೆ ಮಾಡಬೇಕು. ‘ನೀವು ನಮ್ಮ ಜಾಹೀರಾತು ನೋಡಿದಿರಲ್ಲ’ ಎಂದು ಬಾಯಿಬಿಡಬಾರದು. ನೋಡಿದ್ದು ಅದೇ ವ್ಯಕ್ತಿಯೆಂದು ನಮಗೆ ತಿಳಿದಿಲ್ಲ, ತಿಳಿದಂತೆ ಮಾತಾಡಿದರೆ ಯಾರಿಗಾದರೂ ಕಸಿವಿಸಿಯಾಗುತ್ತದೆ. ಬ್ಯಾಚಿನ ಪ್ರಶ್ನೆಯಿಂದಲೇ ಮಾತು ಶುರು ಮಾಡಿದರೆ ಆಯಿತು.

ಹಾಳೆಯಲ್ಲಿ ಗುರುತೇ ಬೀಳದ ಹತ್ತು ಹನ್ನೆರಡು ಹೆಸರುಗಳು ಉಳಿದೇ ಉಳಿಯುತ್ತವೆ. ಹಿಮಾಚಲದ ಬದ್ದಿಯಲ್ಲೋ ಗುಜರಾತಿನ ವಾಪಿಯಲ್ಲೋ ಇರುವ ಕುಟುಂಬದ ಕಾರ್ಖಾನೆಗಳು ಅವು. ಗುಣಮಟ್ಟದ ಮುಖ್ಯಸ್ಥರಿಗೆ ಲಿಂಕ್ಡ್‌ಇನ್ ಖಾತೆ ಇಲ್ಲ, ಇದ್ದರೂ ಅದರಲ್ಲಿ ಎರಡು ಕೆಲಸ ಹಿಂದಿನ ಕಂಪನಿಯ ಹೆಸರೇ ಇದೆ. ಇವರಿಗೆ ಬಜೆಟ್ ಹೆಚ್ಚಿಸಿ ಫಲವಿಲ್ಲ. ಎರಡನೇ ತಿಂಗಳ ಕೊನೆಗೆ ಈ ಹೆಸರುಗಳನ್ನು ಜಾಹೀರಾತಿನ ಪಟ್ಟಿಯಿಂದ ತೆಗೆದು, ಅದೇ ಆರು ಪುಟಗಳನ್ನು ಮುದ್ರಿಸಿ, ಕಾರ್ಖಾನೆಯ ವಿಳಾಸಕ್ಕೆ ಕೊರಿಯರ್ ಮಾಡಿ, ಆಮೇಲೆ ಗೇಟಿನ ಫೋನ್ ನಂಬರು ಹುಡುಕುವುದೇ ದಾರಿ.